ಕಾಲರ್ ಮೈಕ್‌ನಲ್ಲಿ ಗೇಮ್‌ಗೆ ದನಿ: ಮನೆಯಲ್ಲೇ ರೆಕಾರ್ಡ್ ಮಾಡಿ ಸ್ವಚ್ಛ ಮಾಡುವ ಕ್ರಮ

ಗೇಮ್ ಮಾಡುವ ಹುಡುಗರು ಆಗಾಗ ನನಗೆ ದನಿ ಫೈಲ್ ಕಳಿಸಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣ, ನಾಯ್ಸ್ ಎಲ್ಲ ತೆಗೆದೆ, ಆದರೆ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ ಕೇಳ್ತಿದೆ, ಏನು ಮಾಡ್ಲಿ?" ಬಹುತೇಕ ಎಲ್ಲರದ್ದೂ ಅದೇ ತಪ್ಪು. ಖಾಲಿ ಹಾಲ್‌ನಲ್ಲಿ, ಮೈಕ್ ದೂರ ಇಟ್ಟು, ಫ್ಯಾನ್ ತಿರುಗುತ್ತಿರುವಾಗಲೇ ರೆಕಾರ್ಡ್ ಮಾಡಿರುತ್ತಾರೆ. ಆಮೇಲೆ ಎಲ್ಲವನ್ನೂ ಸಾಫ್ಟ್‌ವೇರ್ ಸರಿ ಮಾಡಲಿ ಎಂದು ಬಿಟ್ಟಿರುತ್ತಾರೆ.

ಮೊದಲು ಒಂದು ವಿಷಯ ತಿಳಿದಿರಲಿ. ಒಂದೇ ಸಮನೆ ಬರುವ ಸದ್ದನ್ನು, ಅಂದರೆ ಲ್ಯಾಪ್‌ಟಾಪ್ ಫ್ಯಾನಿನ ಗುಂಯ್, ಮೈಕ್‌ನದೇ ಸುಯ್ ಸದ್ದು ಇಂಥವನ್ನು, ಆಮೇಲೆ ಕಡಿಮೆ ಮಾಡಬಹುದು. ಕೋಣೆಯ ಪ್ರತಿಧ್ವನಿ, ಸದ್ದು ಮಿತಿ ಮೀರಿ ಒಡೆದ ದನಿ, ಮಾತಿನ ಮಧ್ಯೆ ಬಂದ ಕುಕ್ಕರ್ ಸೀಟಿ ಇವನ್ನು ಮನೆಯಲ್ಲಿ ಪೂರ್ತಿ ತೆಗೆಯಲು ಆಗುವುದಿಲ್ಲ. ಹಾಗಾಗಿ ಮೊದಲ ನಾಲ್ಕು ಹಂತಗಳಿಗೇ ಜಾಸ್ತಿ ಹೊತ್ತು ಕೊಡಿ.

ಉದಾಹರಣೆಗೆ ನಾವು ಮಾಡಿದ ಒಂದು ಕೆಲಸವನ್ನೇ ತೆಗೆದುಕೊಳ್ಳುತ್ತೇನೆ. ಮಂಡ್ಯದ ಗೆಳೆಯನೊಬ್ಬ ಆಲೆಮನೆಯಲ್ಲಿ ನಡೆಯುವ ಸಣ್ಣ ಗೇಮ್ ಮಾಡುತ್ತಿದ್ದ. ಅದರಲ್ಲಿ ಅಜ್ಜಿ ಪಾತ್ರಕ್ಕೆ 46 ಸಾಲು. ಮಾತಾಡಿದವರು ಮೈಸೂರಿನ ನಮ್ಮ ಪಕ್ಕದ ಮನೆಯ ಅಜ್ಜಿ, ಹುಟ್ಟೂರು ಮಂಡ್ಯ ಕಡೆ. ಮೈಕ್ ಸಾವಿರ ರೂಪಾಯಿ ಒಳಗಿನ ಕಾಲರ್ ಮೈಕ್.

## 1. ಬೇಕಾದ ಸಾಮಾನು

ತಂತಿ ಇರುವ ಕಾಲರ್ ಮೈಕ್, ಒಂದು ಲ್ಯಾಪ್‌ಟಾಪ್, ಕಿವಿ ಮುಚ್ಚುವ ಹೆಡ್‌ಫೋನ್, ಎರಡು ದಪ್ಪ ರಜಾಯಿ, ಬಟ್ಟೆ ಒಣಗಿಸುವ ಸ್ಟ್ಯಾಂಡ್. ಸಾಫ್ಟ್‌ವೇರ್ ಆಡಾಸಿಟಿ, ಅದು ಉಚಿತ. ಹೆಡ್‌ಫೋನ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಕೆಳಗಿನ ಗುಂಯ್ ಸದ್ದು ಕೇಳುವುದೇ ಇಲ್ಲ.

ಮೈಕ್‌ನ ಪಿನ್ ನೋಡಿಕೊಳ್ಳಿ. ಪಿನ್ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಅದು ಫೋನ್‌ಗೆ ಮಾಡಿದ್ದು. ಹೆಡ್‌ಫೋನ್ ಮತ್ತು ಮೈಕ್ ಎರಡಕ್ಕೂ ಒಂದೇ ತೂತು ಇರುವ ಲ್ಯಾಪ್‌ಟಾಪ್‌ಗೆ ಅದು ಸರಿಹೋಗುತ್ತದೆ. ಮೈಕ್‌ಗೆ ಬೇರೆ ತೂತು ಇರುವ ಹಳೆಯ ಕಂಪ್ಯೂಟರ್ ಆದರೆ ಮಧ್ಯೆ ಒಂದು ಅಡಾಪ್ಟರ್ ಬೇಕು.

ಇನ್ನೊಂದು ಸಾಮಾನು ಸಾಲುಗಳ ಶೀಟ್. ಸಾಲಿನ ಸಂಖ್ಯೆ, ಫೈಲ್ ಹೆಸರು, ಮಾತು, ಭಾವ, ಆ ಮಾತು ಯಾವಾಗ ಬರುತ್ತದೆ, ಇಷ್ಟು ಅದರಲ್ಲಿರಲಿ. ಫೈಲ್ ಹೆಸರನ್ನು ಈಗಲೇ ಬರೆದಿಡಿ. ಆಮೇಲೆ ಬರೆಯೋಣ ಎಂದವರು `final2_new` ಅನ್ನುವಲ್ಲಿಗೆ ಬಂದು ನಿಲ್ಲುತ್ತಾರೆ.

## 2. ಕೋಣೆ ಮತ್ತು ಹೊತ್ತು

ಕೋಣೆಯ ಮಧ್ಯೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆ ನಿಂತ ಮೇಲೂ ಟಿಂಯ್ ಎಂದು ಸದ್ದು ಎಳೆದರೆ ಆ ಕೋಣೆ ಬೇಡ. ಮೈಸೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಎತ್ತರದ ಸೂರು ಇರುವ ಹಾಲ್ ನೋಡಲು ಚೆನ್ನ. ದನಿಗೆ ಮಾತ್ರ ಆಗಿಬರುವುದಿಲ್ಲ. ಹಾಸಿಗೆ, ಬಟ್ಟೆ ತುಂಬಿದ ಸಣ್ಣ ಮಲಗುವ ಕೋಣೆಯೇ ಒಳ್ಳೆಯದು. ಕಬ್ಬಿಣದ ಬೀರು ಇದ್ದರೆ ಅದರ ಮೇಲೊಂದು ಕಂಬಳಿ ಇಳಿಬಿಡಿ, ಜೋರಾಗಿ ಮಾತಾಡಿದಾಗ ಅದರ ತಗಡೂ ಸದ್ದು ಮಾಡುತ್ತದೆ.

ಕಾಲರ್ ಮೈಕ್ ಸಾಮಾನ್ಯವಾಗಿ ಎಲ್ಲ ದಿಕ್ಕಿನಿಂದಲೂ ಕೇಳಿಸಿಕೊಳ್ಳುತ್ತದೆ. ಹಾಗಾಗಿ ರಜಾಯಿ ಎರಡು ಕಡೆ ಬೇಕು. ಒಂದು ಮಾತಾಡುವವರ ಎದುರು, ಮೈಕ್‌ನ ಹಿಂದೆ. ಇನ್ನೊಂದು ಅವರ ಬೆನ್ನ ಹಿಂದೆ. ನಾವು ಒಂದನ್ನು ಬಟ್ಟೆ ಸ್ಟ್ಯಾಂಡ್ ಮೇಲೆ ಹಾಕಿ ಎದುರಿಗೆ ನಿಲ್ಲಿಸಿದೆವು, ಇನ್ನೊಂದನ್ನು ಬಾಗಿಲಿಗೆ ಇಳಿಬಿಟ್ಟೆವು. ನೆಲಕ್ಕೆ ಚಾಪೆ ಸಾಲದು, ಹಾಸಿಗೆಯನ್ನೇ ಎಳೆದು ಹಾಕಿ.

ಹೊತ್ತಿನ ವಿಷಯದಲ್ಲಿ ನನ್ನ ಅನುಭವ ಹೀಗಿದೆ. ಬೆಳಗ್ಗೆ ಕೋಗಿಲೆ, ಕಸದ ಗಾಡಿ, ತರಕಾರಿಯವರ ಕೂಗು. ರಾತ್ರಿ ಹತ್ತಾದ ಮೇಲೆ ನಾಯಿಗಳು. ಮಧ್ಯಾಹ್ನ 2ರಿಂದ 4 ಬೀದಿಯೇ ಮಲಗಿರುವ ಹೊತ್ತು, ಅದೇ ನಮಗೆ ಸರಿಹೋಯಿತು. ನಿಮ್ಮ ಬೀದಿಯಲ್ಲಿ ಬೇರೆ ಇರಬಹುದು. ಒಂದು ದಿನ ಮೊದಲೇ ಅದೇ ಹೊತ್ತಿಗೆ ಹತ್ತು ನಿಮಿಷ ಸುಮ್ನೆ ಕೂತು ಕೇಳಿ.

ಫ್ಯಾನ್ ಆರಿಸಿ. ಫ್ರಿಜ್ ಹತ್ತಿರ ಇದ್ದರೆ ಅದನ್ನೂ ಆರಿಸಿ, ಗಾಡಿ ಕೀಯನ್ನು ಫ್ರಿಜ್ ಒಳಗೆ ಇಡಿ. ಹೊರಡುವಾಗ ಕೀ ಹುಡುಕಿದರೆ ಸ್ವಿಚ್ ಹಾಕಲು ನೆನಪಾಗುತ್ತದೆ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತುಬಿಡಿ. ನಮ್ಮ ಮನೆ ಕರೆಂಟ್ 50 ಹರ್ಟ್ಸ್. ಚಾರ್ಜರ್ ಮೂಲಕ ಅದರ ಗುಂಯ್ ಸದ್ದು ಅಗ್ಗದ ಮೈಕ್‌ಗೆ ಸಲೀಸಾಗಿ ಇಳಿಯುತ್ತದೆ. ಅದು ಬರೀ 50ರಲ್ಲಿ ನಿಲ್ಲುವುದಿಲ್ಲ, 100, 150, 200 ಎಂದು ಮೇಲೆಯೂ ಇರುತ್ತದೆ. ಅಲ್ಲಿ ದನಿಯೂ ಇರುವುದರಿಂದ ಆಮೇಲೆ ತೆಗೆಯುವುದು ಕಷ್ಟ. ಕರೆಂಟ್ ಹೋಗಿ ಯುಪಿಎಸ್ ಶುರುವಾದರೆ ರೆಕಾರ್ಡಿಂಗ್ ನಿಲ್ಲಿಸಿ. ಹಿನ್ನೆಲೆ ಸದ್ದೇ ಬದಲಾಗಿ, ಆ ಸಾಲುಗಳು ಉಳಿದವಕ್ಕೆ ಹೊಂದುವುದಿಲ್ಲ.

## 3. ಯಾವ ಮೈಕ್ ಕೇಳುತ್ತಿದೆ ನೋಡಿ

ಇದನ್ನು ಬಿಟ್ಟು ಕೆಟ್ಟವರು ಬಹಳ ಜನ. ಕಾಲರ್ ಮೈಕ್ ಚುಚ್ಚಿರುತ್ತಾರೆ, ಆದರೆ ರೆಕಾರ್ಡ್ ಆಗುವುದು ಲ್ಯಾಪ್‌ಟಾಪ್‌ನದೇ ಮೈಕ್‌ನಲ್ಲಿ. ಆಡಾಸಿಟಿಯಲ್ಲಿ ರೆಕಾರ್ಡ್ ಒತ್ತಿ, ಕಾಲರ್ ಮೈಕ್ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಮೀಟರ್ ಜಿಗಿಯಬೇಕು. ಈಗ ಲ್ಯಾಪ್‌ಟಾಪ್‌ನ ಕೀಬೋರ್ಡ್ ಹತ್ತಿರ ಕೆರೆಯಿರಿ. ಜಿಗಿಯಬಾರದು. ಉಲ್ಟಾ ಆದರೆ ಆಡಾಸಿಟಿಯ Audio Setup ಬಟನ್‌ನಲ್ಲಿ ರೆಕಾರ್ಡಿಂಗ್ ಸಾಧನ ಬದಲಿಸಿ.

ವಿಂಡೋಸ್‌ನಲ್ಲಿ ಮೈಕ್‌ನ ಸೆಟ್ಟಿಂಗ್ ತೆರೆದು Audio enhancements ಅನ್ನು Off ಮಾಡಿ. ಆನ್ ಇದ್ದರೆ ಕಂಪ್ಯೂಟರ್ ತಾನೇ ಸದ್ದು ಏರಿಸುತ್ತ ಇಳಿಸುತ್ತ ಇರುತ್ತದೆ. ಆಗ ಹಿನ್ನೆಲೆ ಸದ್ದೂ ಸಾಲಿನಿಂದ ಸಾಲಿಗೆ ಬದಲಾಗಿ, ಮುಂದೆ ನಾಯ್ಸ್ ತೆಗೆಯುವ ಕೆಲಸ ಹಿಡಿತಕ್ಕೆ ಸಿಗುವುದಿಲ್ಲ.

ಆಡಾಸಿಟಿಯಲ್ಲಿ ಮೋನೋ, 48000 ಹರ್ಟ್ಸ್, 32-bit float ಇಟ್ಟುಕೊಳ್ಳಿ. ಒಬ್ಬರ ದನಿಗೆ ಸ್ಟೀರಿಯೋ ಬೇಡ.

## 4. ರೆಕಾರ್ಡಿಂಗ್

ಕಾಲರ್ ಮೈಕ್ ಅನ್ನು ಬಟ್ಟೆಗೆ ಸಿಕ್ಕಿಸಬೇಡಿ. ಸೆರಗು ಸರಿದಾಗಲೆಲ್ಲ ಚರಚರ ಸದ್ದು ಬರುತ್ತದೆ. ಅಜ್ಜಿ ಕೈ ಆಡಿಸದೆ ಮಾತಾಡುವವರಲ್ಲ, ಆಡಿಸದೆ ಮಾತಾಡಿದರೆ ಮಾತಿಗೆ ಜೀವವೂ ಇರುವುದಿಲ್ಲ. ನಾವು ಬಟ್ಟೆ ಸ್ಟ್ಯಾಂಡಿನಿಂದ ಒಂದು ಮರದ ಸ್ಕೇಲ್ ಮುಂದಕ್ಕೆ ಚಾಚಿ ಕಟ್ಟಿ, ಅದರ ತುದಿಗೆ ಮೈಕ್ ಸಿಕ್ಕಿಸಿದೆವು. ಬಾಯಿಂದ ಮೈಕ್‌ಗೆ ಸುಮಾರು ಒಂದು ಗೇಣು ದೂರ. ಮೈಕ್ ಬಾಯಿಗೆ ನೇರ ಎದುರಲ್ಲ, ಸ್ವಲ್ಪ ಪಕ್ಕಕ್ಕೆ, ಗಲ್ಲದ ಮಟ್ಟಕ್ಕೆ. ಹಾಗಿಟ್ಟರೆ ಪ, ಫ, ಬ, ಭ ಬಂದಾಗ ಬಾಯಿಯ ಗಾಳಿ ನೇರ ಮೈಕ್‌ಗೆ ಬಡಿದು ದಪ್ ಅನ್ನುವುದಿಲ್ಲ. "ಬೆಲ್ಲದ ಪಾಕ" ಎಂದು ಹೇಳಿಸಿ ನೋಡಿ, ಅಲ್ಲೇ ಗೊತ್ತಾಗುತ್ತದೆ.

ಮೀಟರ್‌ನಲ್ಲಿ ಸಾಮಾನ್ಯ ಮಾತಿನ ಏರು -18ರಿಂದ -12 ಡೆಸಿಬೆಲ್ ನಡುವೆ ಇರಲಿ. ಕೂಗು -6 ದಾಟಬಾರದು. ಸೊನ್ನೆ ಮುಟ್ಟಿದರೆ ದನಿ ಒಡೆದ ಹಾಗೆ, ಅದಕ್ಕೆ ಮದ್ದಿಲ್ಲ. 32-bit float ಇಟ್ಟಿದ್ದೇನಲ್ಲ, ದನಿ ಒಡೆಯುವುದಿಲ್ಲ ಎಂದು ನಂಬಬೇಡಿ. ಅಗ್ಗದ ಮೈಕ್‌ನಲ್ಲಿ ದನಿ ಒಡೆಯುವುದು ಕಂಪ್ಯೂಟರ್‌ಗೆ ಬರುವ ದಾರಿಯಲ್ಲೇ. ಕೂಗುವ ಸಾಲುಗಳನ್ನು ಕೊನೆಗೆ ಒಟ್ಟಿಗೆ ಮಾಡಿ. ಅವಕ್ಕೆ ಮಾತ್ರ ಮೈಕ್‌ನ ಮಟ್ಟ ಇಳಿಸಿ, ಅವನ್ನು ಬೇರೆ ಟ್ರ್ಯಾಕ್‌ನಲ್ಲಿ ಇಡಿ. ಗಂಟಲು ಹೋದ ಮೇಲೆ ಮೆಲುಮಾತು ಬರುವುದಿಲ್ಲ, ಕೂಗನ್ನು ಕೊನೆಗೆ ಇಡಲು ಅದೂ ಒಂದು ಕಾರಣ.

ಮಾತು ಶುರುವಾಗುವ ಮೊದಲು ಹತ್ತು ಸೆಕೆಂಡ್ ಬರೀ ಕೋಣೆಯ ಸದ್ದು ರೆಕಾರ್ಡ್ ಮಾಡಿ. ಮೈಕ್‌ನ ಮಟ್ಟ ಬದಲಿಸಿದಾಗಲೆಲ್ಲ ಮತ್ತೆ ಹತ್ತು ಸೆಕೆಂಡ್. ಯಾರೂ ಅಲುಗಾಡಬಾರದು, ಬಳೆ ತೆಗೆದಿಟ್ಟಿರಬೇಕು. ಅಜ್ಜಿ ಮೂರನೇ ಸೆಕೆಂಡಿಗೇ "ಫ್ಯಾನ್ ಹಾಕಪ್ಪ ಮಗ, ಸೆಕೆ" ಅಂದರು. "ಹತ್ತೇ ನಿಮಿಷ ತಡ್ಕೊಳ್ಳಿ ಅಜ್ಜಿ" ಎಂದು ಮತ್ತೆ ಮೊದಲಿನಿಂದ ಮಾಡಿದೆವು. ಹತ್ತು ನಿಮಿಷಕ್ಕೊಮ್ಮೆ ಫ್ಯಾನ್ ಹಾಕಿ ನೀರು ಕೊಟ್ಟು ಕೂರಿಸುವುದೇ ಸರಿ. ದಣಿದ ದನಿ ಮೊದಲ ಸಾಲುಗಳ ದನಿಗೆ ಸೇರುವುದಿಲ್ಲ.

ಸಾಲನ್ನು ಓದಿಸಬೇಡಿ. ಕಾಗದ ಕೈಗೆ ಕೊಟ್ಟರೆ ಮಂಡ್ಯದ ಮಾತು ಹೋಗಿ ಪುಸ್ತಕದ ಮಾತು ಬರುತ್ತದೆ. ಸಂದರ್ಭ ಹೇಳಿ, ಸಾಲನ್ನು ಒಮ್ಮೆ ಹೇಳಿ, ಅವರ ಬಾಯಲ್ಲಿ ಹೇಗೆ ಬರುತ್ತದೋ ಹಾಗೆ ಬರಲಿ. ನಮ್ಮ ಶೀಟ್‌ನಲ್ಲಿ "ಕುದಿಯುತ್ತಿದೆ, ಹತ್ತಿರ ಹೋಗಬೇಡ" ಎಂದಿತ್ತು. ಅಜ್ಜಿ ಹೇಳಿದ್ದು "ಕಬ್ಬಿನಾಲು ಕುದೀತಾ ಅದೆ, ಕೊಪ್ಪರಿಗೆ ತಾವ್ ಹೋಗ್ಬ್ಯಾಡ ಕಣ್ಲಾ." ನಾವು ಶೀಟ್ ತಿದ್ದಿದೆವು.

ಪ್ರತಿ ಸಾಲನ್ನು ಮೂರು ಸಲ ಹೇಳಿಸಿ, ನಡುವೆ ಎರಡು ಸೆಕೆಂಡ್ ಮೌನ. ಪ್ರತಿ ಸಾಲಿಗೂ ಮೊದಲು ನೀವು ಸಂಖ್ಯೆ ಹೇಳಿ. 46 ಸಾಲಿಗೆ ನಮಗೆ ಒಂದೂವರೆ ಗಂಟೆ ಹಿಡಿಯಿತು.

ಒಂದೇ ದಿನ ಮುಗಿಸಿ. ಆಗದಿದ್ದರೆ ಮೈಕ್, ಹಾಸಿಗೆ, ಕೂತ ಜಾಗ ಎಲ್ಲವನ್ನೂ ಫೋನ್‌ನಲ್ಲಿ ಫೋಟೋ ತೆಗೆದಿಡಿ. ಮಾರನೆಯ ವಾರ ಮೈಕ್ ನಾಲ್ಕು ಬೆರಳು ಹಿಂದೆ ಹೋದರೂ ಗೇಮ್‌ನಲ್ಲಿ ಅಜ್ಜಿ ಮಾತಿನ ಮಧ್ಯೆ ಬೇರೆ ಕೋಣೆಗೆ ಹೋದ ಹಾಗೆ ಕೇಳುತ್ತದೆ.

## 5. ಮುಟ್ಟುವ ಮೊದಲು ಒಂದು ಪ್ರತಿ

ರೆಕಾರ್ಡಿಂಗ್ ಅನ್ನು ಹಾಗೇ WAV ಆಗಿ ಬೇರೆ ಫೋಲ್ಡರ್‌ನಲ್ಲಿ ಇಡಿ, ಪೆನ್‌ಡ್ರೈವ್‌ಗೂ ಹಾಕಿ. ಆಮೇಲೆ ಮೂರರಲ್ಲಿ ಒಳ್ಳೆಯ ಟೇಕ್ ಆರಿಸಿ, ಉಳಿದದ್ದನ್ನು ಕೆಲಸದ ಪ್ರತಿಯಿಂದ ತೆಗೆಯಿರಿ. ಮೊದಲ ಹತ್ತು ಸೆಕೆಂಡಿನ ಮೌನ ಮಾತ್ರ ಇರಲಿ. ಭಾವ ಚೆನ್ನಾಗಿದ್ದು ಸ್ವಲ್ಪ ಗಾಳಿ ಸದ್ದು ಇರುವ ಟೇಕ್, ಸ್ವಚ್ಛವಾಗಿದ್ದು ಸಪ್ಪೆ ಇರುವ ಟೇಕ್, ಇವೆರಡರಲ್ಲಿ ನಾನು ಯಾವಾಗಲೂ ಮೊದಲನೆಯದನ್ನೇ ಆರಿಸುತ್ತೇನೆ.

## 6. ಸ್ವಚ್ಛ ಮಾಡುವುದು, ಇದೇ ಕ್ರಮದಲ್ಲಿ

ಮೊದಲು High-Pass Filter. 80 ಹರ್ಟ್ಸ್‌ಗೆ ಇಟ್ಟು, Roll-off 12 ಸಾಕು. ಇದು ಬೀದಿಯಲ್ಲಿ ಹೋದ ಬಸ್ಸಿನ ಗುಡುಗುಡು, ಮೇಜು ತಾಗಿದ ಸದ್ದು ಇಂಥ ತೀರಾ ಕೆಳಗಿನದನ್ನು ತೆಗೆಯುತ್ತದೆ. ಹೆಂಗಸರ ದನಿಗೆ 100ರವರೆಗೆ ಹೋಗಬಹುದು. ದನಿ ತೆಳ್ಳಗಾಯಿತು ಅನಿಸಿದರೆ ಹಿಂದೆ ಬನ್ನಿ.

ಆಮೇಲೆ Noise Reduction. ಮೊದಲಿನ ಮೌನದ ಭಾಗವನ್ನು ಆರಿಸಿ Get Noise Profile ಒತ್ತಿ. ಇದನ್ನು ಹೈಪಾಸ್ ಆದ ಮೇಲೆಯೇ ಮಾಡಬೇಕು. ಮುಂಚೆ ತೆಗೆದ ಪ್ರೊಫೈಲ್‌ನಲ್ಲಿ ಈಗ ಇಲ್ಲದ ಸದ್ದೂ ಸೇರಿರುತ್ತದೆ. ಮತ್ತೆ ಪೂರ್ತಿ ಟ್ರ್ಯಾಕ್ ಆರಿಸಿ, Noise reduction 6 ಡೆಸಿಬೆಲ್, Sensitivity 6 ಇಟ್ಟು ಕೇಳಿ. ಸಾಲದಿದ್ದರೆ 8, 9. ನನ್ನ ಕೈ 12ರ ಆಚೆ ಹೋಗುವುದಿಲ್ಲ. ಕೂಗಿನ ಟ್ರ್ಯಾಕ್‌ಗೆ ಅದರದೇ ಮೌನದಿಂದ ಬೇರೆ ಪ್ರೊಫೈಲ್ ತೆಗೆಯಿರಿ.

ಜಾಸ್ತಿ ಆಯಿತು ಎಂದು ಗೊತ್ತಾಗುವುದು ಹೇಗೆ? ಅದೇ ಪರದೆಯಲ್ಲಿ Residue ಎಂಬ ಆಯ್ಕೆ ಇದೆ. ಅದನ್ನು ಒತ್ತಿ Preview ಕೇಳಿದರೆ, ತೆಗೆದುಹಾಕುವ ಸದ್ದು ಮಾತ್ರ ಕೇಳುತ್ತದೆ. ಅಲ್ಲಿ ಬರೀ ಸುಯ್ ಸದ್ದಿದ್ದರೆ ಸರಿ. ಮಾತು ಕೇಳಿ, ಏನು ಹೇಳುತ್ತಿದ್ದಾರೆ ಎಂದು ಅರ್ಥವಾಗುವಷ್ಟಿದ್ದರೆ ನೀವು ದನಿಯನ್ನೇ ಕಿತ್ತು ಎಸೆಯುತ್ತಿದ್ದೀರಿ. ಡಬ್ಬದ ದನಿ ಹುಟ್ಟುವುದು ಇಲ್ಲೇ. ಇನ್ನೊಂದು ಗುರುತು, ಸ ಮತ್ತು ಶ ಬಂದ ಕಡೆ ಕಿಣಿಕಿಣಿ ಎಂದು ನೀರೊಳಗಿನ ಗುಳ್ಳೆಯಂಥ ಸದ್ದು. ಹೆಡ್‌ಫೋನ್ ಹಾಕಿಕೊಂಡೇ ಕೇಳಿ. Residue ನೋಡಿದ ಮೇಲೆ ಮತ್ತೆ Reduce ಆರಿಸಿ ಆಮೇಲೆ OK ಒತ್ತಿ, ಇಲ್ಲದಿದ್ದರೆ ಕಸವೇ ಟ್ರ್ಯಾಕ್‌ನಲ್ಲಿ ಉಳಿಯುತ್ತದೆ.

ಇಲ್ಲೇ ಕನ್ನಡಕ್ಕೆ ವಿಶೇಷವಾದ ಒಂದು ಎಚ್ಚರಿಕೆ ಹೇಳಬೇಕು. ಬಹಳಷ್ಟು ಜನ ನಾಯ್ಸ್ ತೆಗೆದ ಮೇಲೆ Noise Gate ಹಾಕುತ್ತಾರೆ. ಒಂದು ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಅದು ಅಡಗಿಸಿಬಿಡುತ್ತದೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಉಸಿರು ಮುಗಿಯುವ ಹೊತ್ತಿಗೆ. ಆ ಕೊನೆಯ ಅಕ್ಷರ ಮೆಲ್ಲಗಿರುತ್ತದೆ, ಆದರೆ ಮಾಡಿದವರು ಯಾರು ಎಂಬುದು ಅದರಲ್ಲೇ ಇರುತ್ತದೆ. ನಮ್ಮ 17ನೇ ಸಾಲು "ಗಾಡಿ ತಾವ್ ಕುಂತವ್ನೆ." ಆಡುವವರು ಇದನ್ನು ಕೇಳಿ ಗಾಡಿಯ ಹತ್ತಿರ ಹೋಗಿ ಗಂಡಾಳನ್ನು ಹುಡುಕಬೇಕು. ಗೇಟ್ ಹಾಕಿದ ಮೇಲೆ ಕೇಳಿದ್ದು "ಗಾಡಿ ತಾವ್ ಕುಂತವ್". ಕುಂತವ್ನೆಯೋ ಕುಂತವ್ಳೆಯೋ ಗೊತ್ತಾಗಲಿಲ್ಲ. ಆಡಿ ನೋಡಿದ ಇಬ್ಬರೂ ಹೆಂಗಸಿನ ಹತ್ತಿರ ಹೋಗಿ ನಿಂತರು. ಗೇಟ್ ತೆಗೆದು, ಕೊನೆಯ "ನೆ" ಒಂದನ್ನೇ ಆರಿಸಿ Amplifyಯಲ್ಲಿ 4 ಡೆಸಿಬೆಲ್ ಏರಿಸಿದೆವು. ಸರಿಹೋಯಿತು. ಅಂದಿನಿಂದ ಗೇಟ್ ಅನ್ನು ನಾನು ಮುಟ್ಟಿಲ್ಲ. ಮಾತಿನ ನಡುವಿನ ಖಾಲಿ ಜಾಗವನ್ನು ಕೈಯಿಂದಲೇ ಕತ್ತರಿಸುತ್ತೇನೆ.

ಉಸಿರಾಟವನ್ನು ಪೂರ್ತಿ ಅಳಿಸಬೇಡಿ, ಅಸಹಜ ಆಗುತ್ತದೆ. ತೀರಾ ಜೋರಿದ್ದರೆ ಆ ತುಂಡನ್ನು 6ರಿಂದ 8 ಡೆಸಿಬೆಲ್ ಇಳಿಸಿ.

ಕೊನೆಗೆ Compressor, ಅದೂ ಹಗುರವಾಗಿ. ಅನುಪಾತ 2, ಜೋರಾದ ಜಾಗದಲ್ಲಿ ಮೂರು ನಾಲ್ಕು ಡೆಸಿಬೆಲ್ ಇಳಿದರೆ ಸಾಕು. ಇದು ಜೋರಿನ ಮಾತನ್ನು ಒತ್ತಿ, ಮೆಲ್ಲಗಿನದನ್ನು ಅದರ ಹತ್ತಿರಕ್ಕೆ ತರುತ್ತದೆ. ಮೆಲ್ಲಗಿನದು ಅಂದರೆ ಹಿನ್ನೆಲೆ ಸದ್ದೂ ಸೇರಿತು ಅಲ್ವಾ? ಅದಕ್ಕೇ ನಾಯ್ಸ್ ಮೊದಲು, ಕಂಪ್ರೆಸರ್ ಆಮೇಲೆ. ಉಲ್ಟಾ ಮಾಡಿದರೆ ಕಡಿಮೆ ಮಾಡಬೇಕಾದ ಸದ್ದನ್ನು ನೀವೇ ಬೆಳೆಸಿರುತ್ತೀರಿ.

## 7. ಎಲ್ಲ ಸಾಲಿನ ಸದ್ದು ಒಂದು ಹದಕ್ಕೆ

ಸಾಲುಗಳನ್ನು ಮೂರು ಗುಂಪು ಮಾಡಿ: ಸಾಮಾನ್ಯ ಮಾತು, ಪಿಸುಮಾತು, ಕೂಗು. ಸಾಮಾನ್ಯ ಮಾತಿನ ಒಂದೊಂದು ಸಾಲನ್ನೂ ಆರಿಸಿ Loudness Normalizationನಲ್ಲಿ -18 LUFSಗೆ ತನ್ನಿ. LUFS ಅಂದರೆ ಕಿವಿಗೆ ಎಷ್ಟು ಜೋರು ಕೇಳುತ್ತದೆ ಎಂಬುದರ ಅಳತೆ. Treat mono as dual-mono ಟಿಕ್ ಹಾಗೇ ಇರಲಿ. ಪಿಸುಮಾತನ್ನು ಅದಕ್ಕಿಂತ ನಾಲ್ಕೈದು ಕಡಿಮೆ, ಕೂಗನ್ನು ಎರಡು ಮೂರು ಜಾಸ್ತಿ ಇಡಿ. ಎಲ್ಲಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಗುಟ್ಟು ಹೇಳುವ ಅಜ್ಜಿ, ಕೂಗಿ ಕರೆಯುವ ಅಜ್ಜಿ ಇಬ್ಬರೂ ಒಂದೇ ಜೋರಿನಲ್ಲಿ ಮಾತಾಡುತ್ತಾರೆ.

"ಹಾ!", "ಏ!" ಇಂಥ ಚಿಕ್ಕ ಸದ್ದುಗಳಿಗೆ ಈ ಅಳತೆ ನಂಬಬೇಡಿ. ಈ ಲೆಕ್ಕ 0.4 ಸೆಕೆಂಡಿನ ತುಂಡುಗಳಲ್ಲಿ ನಡೆಯುತ್ತದೆ. ಅದಕ್ಕಿಂತ ಚಿಕ್ಕದನ್ನು ಪಕ್ಕದ ಸಾಲಿನ ಜೊತೆ ಕೇಳಿ, ಕಿವಿಯಿಂದಲೇ ಹೊಂದಿಸಿ. ಎಲ್ಲ ಮುಗಿದ ಮೇಲೆ ಯಾವ ಸಾಲಿನ ತುದಿಯೂ -1 ಡೆಸಿಬೆಲ್ ದಾಟದ ಹಾಗೆ Limiter ಹಾಕಿ.

## 8. ಕತ್ತರಿಸುವುದು, ಹೆಸರು, ಎಕ್ಸ್‌ಪೋರ್ಟ್

ಮಾತಿನ ಮುಂದೆ 0.1 ಸೆಕೆಂಡ್, ಹಿಂದೆ 0.3 ಸೆಕೆಂಡ್ ಬಿಟ್ಟು ಆರಿಸಿ. ಎರಡೂ ತುದಿಗೆ ಚಿಕ್ಕ Fade In, Fade Out ಕೊಡಿ, ಇಲ್ಲದಿದ್ದರೆ ಟಕ್ ಅನ್ನುತ್ತದೆ. ಮತ್ತೆ ಆ ಪೂರ್ತಿ ತುಂಡನ್ನು ಆರಿಸಿ Ctrl+B ಒತ್ತಿ, ಬರುವ ಲೇಬಲ್‌ನಲ್ಲಿ ಶೀಟ್‌ನಲ್ಲಿರುವ ಹೆಸರನ್ನೇ ಬರೆಯಿರಿ.

```
ajji_16_bella
ajji_17_gaadi
ajji_18_kooguva
```

ಎಲ್ಲವೂ ಚಿಕ್ಕ ಅಕ್ಷರದಲ್ಲಿ, ಖಾಲಿ ಜಾಗ ಇಲ್ಲದೆ ಇರಲಿ. ವಿಂಡೋಸ್‌ನಲ್ಲಿ `Ajji_17` ಮತ್ತು `ajji_17` ಒಂದೇ. ಆಂಡ್ರಾಯ್ಡ್‌ನಲ್ಲಿ ಬೇರೆ ಬೇರೆ ಆಗಬಹುದು. ಕಂಪ್ಯೂಟರ್‌ನಲ್ಲಿ ಸರಿಯಾಗಿ ಆಡುವ ಗೇಮ್ ಫೋನ್‌ಗೆ ಹಾಕಿದ ಮೇಲೆ ಒಂದೆರಡು ಸಾಲಿಗೆ ಮಾತ್ರ ಮೂಕವಾದರೆ, ಮೊದಲು ಫೈಲ್ ಹೆಸರನ್ನೇ ನೋಡಿ.

ಎಕ್ಸ್‌ಪೋರ್ಟ್ ಮಾಡುವಾಗ Multiple Files ಆರಿಸಿ, ಲೇಬಲ್ ಪ್ರಕಾರ ಕತ್ತರಿಸಲು ಹೇಳಿದರೆ 46 ಫೈಲ್ ಒಟ್ಟಿಗೆ ಬರುತ್ತವೆ. 16 ಬಿಟ್ ಮೋನೋ WAV ಸೆಕೆಂಡಿಗೆ 96 ಕೆಬಿ. ಸಾಲೊಂದಕ್ಕೆ ಮೂರು ಸೆಕೆಂಡ್ ಎಂದರೆ 46 ಸಾಲು ಸುಮಾರು 13 ಎಂಬಿ. ಅದೇ OGG ಆದರೆ, ಗುಣಮಟ್ಟ 5ರಲ್ಲಿ, ಅದರ ಹತ್ತನೇ ಒಂದು ಭಾಗದ ಆಸುಪಾಸು. ಫೋನ್ ಗೇಮ್‌ಗೆ OGG ಸಾಕು, ಆದರೆ WAV ಅಳಿಸಬೇಡಿ. ತಿದ್ದುವುದು ಬಂದರೆ WAV ತಿದ್ದಿ ಮತ್ತೆ OGG ಮಾಡಿ.

## 9. ಗೇಮ್ ಒಳಗೆ ಕೇಳುವುದು

ಹೆಡ್‌ಫೋನ್‌ನಲ್ಲಿ ಒಂಟಿಯಾಗಿ ಕೇಳಿದಾಗ ಉಳಿದ ಸಣ್ಣ ಸುಯ್ ಸದ್ದು ಮನಸ್ಸಿಗೆ ಚುಚ್ಚುತ್ತದೆ, ಇನ್ನೂ ತೆಗೆಯೋಣ ಅನಿಸುತ್ತದೆ. ತಡೆಯಿರಿ. ಫೈಲ್ ಗೇಮ್‌ಗೆ ಹಾಕಿ, ಹಿನ್ನೆಲೆ ಸಂಗೀತದ ಜೊತೆ, ಫೋನ್ ಸ್ಪೀಕರ್‌ನಲ್ಲಿ ಕೇಳಿ. ನಮ್ಮ ಗೇಮ್‌ನಲ್ಲಿ ಒಲೆ ಉರಿಯುವ ಸದ್ದು, ಗಾಣದ ಸದ್ದು ಇದ್ದವು. ಅಜ್ಜಿಯ ದನಿಯ ಹಿಂದಿನ ಸುಯ್ ಅದರಲ್ಲಿ ಎಲ್ಲಿ ಹೋಯಿತೋ ಗೊತ್ತೇ ಆಗಲಿಲ್ಲ. 9ಕ್ಕೆ ಏರಿಸಿದ್ದ Noise Reduction ಅನ್ನು ಮತ್ತೆ 6ಕ್ಕೆ ಇಳಿಸಿ, ಮೂಲ ಪ್ರತಿಯಿಂದ ಇನ್ನೊಮ್ಮೆ ಮಾಡಿದೆವು.

ಮಾತು ಸಂಗೀತದಲ್ಲಿ ಮುಳುಗಿದರೆ ದನಿ ಏರಿಸಬೇಡಿ. ಮಾತು ಬರುವ ಹೊತ್ತಿಗೆ ಸಂಗೀತವನ್ನು 6ರಿಂದ 8 ಡೆಸಿಬೆಲ್ ಇಳಿಸಿ. ಆಮೇಲೆ ಈ ಕೆಲಸದಲ್ಲಿ ಇಲ್ಲದ ಒಬ್ಬರಿಗೆ ಫೋನ್ ಕೊಡಿ, ಪರದೆಯ ಮೇಲಿನ ಅಕ್ಷರ ಬರದ ಹಾಗೆ ಮಾಡಿ, ಪ್ರತಿ ಸಾಲು ಕೇಳಿದ ಮೇಲೆ ಏನು ಹೇಳಿದರು ಎಂದು ಬರೆಸಿ. ನಮ್ಮಲ್ಲಿ 46ರಲ್ಲಿ ಮೂರು ಸಾಲು ತಪ್ಪಾಗಿ ಕೇಳಿಸಿತು, ಮೂರರಲ್ಲೂ ತಪ್ಪಿದ್ದು ಕೊನೆಯ ಅಕ್ಷರವೇ. ಎರಡನ್ನು ಏರಿಸಿ ಸರಿ ಮಾಡಿದೆವು. ಒಂದನ್ನು ಅದೇ ಕೋಣೆಯಲ್ಲಿ, ಫೋಟೋ ನೋಡಿ ಹಾಸಿಗೆ ಹಾಕಿ, ಮತ್ತೆ ಅಜ್ಜಿಯಿಂದ ಹೇಳಿಸಿದೆವು.